ಬ್ಲೂಮ್ ಟ್ಯಾಕ್ಸಾನಮಿಯ ಆರು ಹಂತ: ಬಿ.ಎಡ್, ಡಿ.ಎಡ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಕ್ಟೀಸ್ ಟೀಚಿಂಗ್ ಶುರು ಆಯ್ತು ಅಂದ್ರೆ ಲೆಸನ್ ಪ್ಲಾನ್ ನೋಡ್ಲಿಕ್ಕೆ ಕೂತಾಗ ಇದೇ ಪ್ರಶ್ನೆಗಳು ಬರ್ತವೆ. ಉಡುಪಿಯಲ್ಲಿ ಕಲಿಯುವವರೂ ಕೇಳ್ತಾರೆ, ಮಂಗಳೂರಿನವರೂ ಕೇಳ್ತಾರೆ. ಹಾಗಾಗಿ ಒಂದೇ ಕಡೆ ಬರೆದು ಇಡ್ತಾ ಇದ್ದೇನೆ. ಉದಾಹರಣೆಗೆ ಎಲ್ಲಾ ವಿಷಯದಿಂದ ಒಂದೊಂದು ಪ್ರಶ್ನೆ ತರುವುದಕ್ಕಿಂತ ಒಂದೇ ಪಾಠ ಹಿಡಿದು ಕೊನೆವರೆಗೆ ಹೋಗುವ ಅಂತ, 7ನೇ ಕ್ಲಾಸಿನ ಮಕ್ಕಳಿಗೆ ಕಡಲಗಾಳಿ ನೆಲಗಾಳಿ ಪಾಠ ಮಾಡ್ತಾ ಇದ್ದೀರಿ ಅಂತ ಇಟ್ಟುಕೊಳ್ಳಿ. ನಮ್ಮ ಮಕ್ಕಳಿಗೆ ಮಲ್ಪೆ, ಪಣಂಬೂರು, ಕಾಪು ಎಲ್ಲ ನೋಡಿದ ಜಾಗ, ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಬೀಸುವುದು ಅವರಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ.

ಆರು ಹಂತ ಯಾವುದು? ಒಂದು ಗೈಡಲ್ಲಿ ಒಂದು ಪಟ್ಟಿ, ಇನ್ನೊಂದರಲ್ಲಿ ಬೇರೆ ಪಟ್ಟಿ ಉಂಟಲ್ಲ?

ಎರಡೂ ಸರಿಯೇ. ಬೆಂಜಮಿನ್ ಬ್ಲೂಮ್ ಮತ್ತು ಜೊತೆಯವರು ಸೇರಿ 1956ರಲ್ಲಿ ಮೊದಲ ಪಟ್ಟಿ ಪ್ರಕಟಿಸಿದ್ರು: ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ. ಆಮೇಲೆ 2001ರಲ್ಲಿ ಆಂಡರ್ಸನ್ ಮತ್ತು ಕ್ರ್ಯಾಥ್‌ವೋಲ್ ಅದನ್ನು ಪರಿಷ್ಕರಿಸಿದ್ರು. ಈ ಕ್ರ್ಯಾಥ್‌ವೋಲ್ 1956ರ ತಂಡದಲ್ಲಿ ಇದ್ದವರೇ. ಹೊಸ ಪಟ್ಟಿಯಲ್ಲಿ ಹೆಸರುಗಳು ಕ್ರಿಯೆಗಳಾದವು: ನೆನಪಿಸಿಕೊಳ್ಳುವುದು, ಅರ್ಥ ಮಾಡಿಕೊಳ್ಳುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯಮಾಪನ ಮಾಡುವುದು, ಸೃಷ್ಟಿಸುವುದು. ಸಂಶ್ಲೇಷಣೆ ಹೋಗಿ ಅದರ ಜಾಗಕ್ಕೆ ಸೃಷ್ಟಿಸುವುದು ಬಂತು, ಅದು ಮೇಲಿನ ತುದಿಗೆ ಹೋಯ್ತು, ಮೌಲ್ಯಮಾಪನ ಒಂದು ಮೆಟ್ಟಿಲು ಕೆಳಗೆ ಬಂತು. ನಿಮ್ಮ ಕಾಲೇಜಿನ ಫಾರ್ಮ್ಯಾಟಲ್ಲಿ ಯಾವ ಪಟ್ಟಿ ಉಂಟೋ ಅದನ್ನೇ ಬಳಸಿ, ಒಂದೇ ಲೆಸನ್ ಪ್ಲಾನಲ್ಲಿ ಎರಡನ್ನೂ ಮಿಕ್ಸ್ ಮಾಡ್ಬೇಡಿ ಅಷ್ಟೇ. ನಾನು ಇಲ್ಲಿ 2001ರದ್ದು ಹಿಡಿದಿದ್ದೇನೆ.

ಇದರ ಹುಟ್ಟು ಒಂದು ಸ್ವಲ್ಪ ಗೊತ್ತಿದ್ರೆ ಮುಂದಿನದು ಸಲೀಸಾಗಿ ಅರ್ಥ ಆಗ್ತದೆ. 1948ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮನಃಶಾಸ್ತ್ರಜ್ಞರ ಒಂದು ಸಮ್ಮೇಳನ ಆಯ್ತು, ಅಲ್ಲಿ ಸೇರಿದ್ದ ಕಾಲೇಜು ಪರೀಕ್ಷಕರು ತಮ್ಮ ತಮ್ಮ ಪರೀಕ್ಷೆಯ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುವಾಗ ಎಲ್ಲರಿಗೂ ಅರ್ಥ ಆಗುವ ಒಂದು ವಿಂಗಡಣೆ ಬೇಕು ಅಂತ ಮಾತಾಡಿಕೊಂಡದ್ದು ಇದರ ಬೀಜ. ಅಂದ್ರೆ ಈ ಪ್ರಶ್ನೆಗೆ ಉತ್ತರ ಕೊಡುವಾಗ ಕಲಿಯುವವನ ತಲೆಯಲ್ಲಿ ಎಂತ ಕೆಲಸ ಆಗ್ತದೆ ಅಂತ ಕೇಳ್ಲಿಕ್ಕೆ ಬೇಕಾಗಿ ಮಾಡಿದ ಪಟ್ಟಿ ಇದು. ಗೋಡೆಗೆ ಅಂಟಿಸುವ ಚಾರ್ಟಿಗೆ ಅಂತ ಮಾಡಿದ್ದಲ್ಲ, ಆ ಬಣ್ಣಬಣ್ಣದ ಪಿರಮಿಡ್ ಚಿತ್ರ ಕೂಡ ಮೂಲ ಪುಸ್ತಕದಲ್ಲಿ ಇಲ್ಲ.

ಪ್ರಶ್ನೆಯಲ್ಲಿರುವ ಕ್ರಿಯಾಪದ ನೋಡಿ ಹಂತ ಹೇಳಬಹುದಲ್ವಾ? "ಪಟ್ಟಿ ಮಾಡಿ" ಅಂದ್ರೆ ನೆನಪು, "ವಿವರಿಸಿ" ಅಂದ್ರೆ ಅರ್ಥ, "ವಿಶ್ಲೇಷಿಸಿ" ಅಂದ್ರೆ ವಿಶ್ಲೇಷಣೆ?

ಇಲ್ಲ. ಲೆಸನ್ ಪ್ಲಾನಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ, ಆದ್ದರಿಂದ ಇದಕ್ಕೆ ಸ್ವಲ್ಪ ಜಾಸ್ತಿ ಬರೀತೇನೆ.

"ಹಗಲಲ್ಲಿ ಕಡಲಿನಿಂದ ನೆಲದ ಕಡೆಗೆ ಗಾಳಿ ಯಾಕೆ ಬೀಸ್ತದೆ, ವಿವರಿಸಿ" ಅಂತ ಒಂದು ಪ್ರಶ್ನೆ ತಗೊಳ್ಳಿ. ನೀವು 10 ನಿಮಿಷ ಮೊದಲು ಬೋರ್ಡಲ್ಲಿ ಚಿತ್ರ ಬಿಡಿಸಿ, ನೆಲ ಬೇಗ ಬಿಸಿ ಆಗ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಮೇಲೆ ಹೋಗ್ತದೆ, ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ಬರ್ತದೆ ಅಂತ ಹೇಳಿ, ಮಕ್ಕಳು ಅದನ್ನು ನೋಟ್ಸಲ್ಲಿ ಬರೆದುಕೊಂಡಿದ್ರೆ, ಆ ಪ್ರಶ್ನೆ ಬರೀ ನೆನಪಿನ ಪ್ರಶ್ನೆ. ಮಗು ನಿಮ್ಮ ಮಾತನ್ನೇ ವಾಪಸ್ ಹೇಳ್ತದೆ. ಅದೇ ಪ್ರಶ್ನೆಯನ್ನು ನೀವು ಪಾಠದ ಮೊದಲೇ, ಒಂದು ಬೌಲಲ್ಲಿ ಮರಳು ಇನ್ನೊಂದರಲ್ಲಿ ನೀರು ಬಿಸಿಲಿಗೆ ಇಟ್ಟು, ಎರಡರ ಉಷ್ಣತೆ ಅಳೆಸಿ, ಬಿಸಿ ಗಾಳಿ ಮೇಲೆ ಹೋಗುವುದನ್ನು ಊದುಬತ್ತಿ ಹೊಗೆಯಲ್ಲಿ ತೋರಿಸಿ, ಆಮೇಲೆ ಕೇಳಿದ್ರೆ ಮಗು ಆ ತುಂಡುಗಳನ್ನು ತಾನೇ ಜೋಡಿಸಿ ಕಾರಣ ಕಟ್ಟಬೇಕು. ಪ್ರಶ್ನೆಯ ಒಂದು ಅಕ್ಷರ ಬದಲಾಗಲಿಲ್ಲ, ಆದ್ರೆ ಮಗುವಿನ ತಲೆಯಲ್ಲಿ ಆದ ಕೆಲಸ ಪೂರಾ ಬೇರೆ.

ಹಾಗಾಗಿ ಹಂತ ಇರುವುದು ಪ್ರಶ್ನೆಯ ಪದದಲ್ಲಿ ಮಾತ್ರ ಅಂತ ನೋಡಿದ್ರೆ ಸಾಲದು, ಮಕ್ಕಳಿಗೆ ಮೊದಲೇ ಎಂತ ಹೇಳಿ ಆಗಿದೆ ಅನ್ನುವುದನ್ನೂ ಸೇರಿಸಿ ನೋಡ್ಬೇಕು. ಯಾವುದೇ ಪ್ರಶ್ನೆ ಬರೆದ ಮೇಲೆ ನಿಮಗೆ ನೀವೇ ಕೇಳಿಕೊಳ್ಳಿ: ಇದರ ಉತ್ತರ ಇದೇ ರೂಪದಲ್ಲಿ ಪಠ್ಯಪುಸ್ತಕದಲ್ಲೋ ನೋಟ್ಸಲ್ಲೋ ಉಂಟಾ? ಉಂಟು ಅಂತಾದ್ರೆ "ವಿಶ್ಲೇಷಿಸಿ" ಅಂತ ಬರೆದ್ರೂ ಅದು ನೆನಪೇ.

ಕ್ಲಾಸಲ್ಲಿ ಇದನ್ನು ಪತ್ತೆ ಮಾಡ್ಲಿಕ್ಕೆ ಒಂದು ಗುರುತು ಹೇಳ್ತೇನೆ. ನಾಲ್ಕೈದು ಮಕ್ಕಳ ಉತ್ತರ ಕೇಳಿ, ಎಲ್ಲರದ್ದೂ ಒಂದೇ ವಾಕ್ಯ, ಒಂದೇ ಪದಗಳು, ಒಂದೇ ಕ್ರಮ ಅಂತಾದ್ರೆ ಅದು ನೆನಪು. ಒಬ್ಬ ಗದ್ದೆ ಬದಿಯ ಉದಾಹರಣೆ ಕೊಟ್ಟು, ಇನ್ನೊಬ್ಬಳು ಅಂಗಳದ ಸಿಮೆಂಟ್ ನೆಲ ಕಾಲು ಸುಡ್ತದೆ, ಬಾವಿ ನೀರು ಸುಡುವುದಿಲ್ಲ ಅಂತ ಹೇಳಿದ್ರೆ, ವಾಕ್ಯ ಅರ್ಧಂಬರ್ಧ ಇದ್ರೂ ಅಲ್ಲಿ ಅರ್ಥ ಮಾಡಿಕೊಳ್ಳುವ ಕೆಲಸ ನಡೀತಾ ಉಂಟು.

ಸರಿ, ಇದೇ ಪಾಠದಲ್ಲಿ ನೆನಪಿನ ಪ್ರಶ್ನೆ ಮತ್ತು ಅರ್ಥದ ಪ್ರಶ್ನೆ ಹೇಗೆ ಬರೆಯುವುದು?

ನೆನಪಿನದು ಸುಲಭ. "ಹಗಲಲ್ಲಿ ಕಡಲಿನಿಂದ ನೆಲಕ್ಕೆ ಬೀಸುವ ಗಾಳಿಗೆ ಏನು ಹೆಸರು?" ಅಥವಾ "ಮರಳು ಮತ್ತು ನೀರು, ಯಾವುದು ಬೇಗ ಬಿಸಿ ಆಗ್ತದೆ?" ಇಂಥದ್ದು ಒಂದೆರಡು ಬೇಕೇ ಬೇಕು. ನೆನಪಿನ ಪ್ರಶ್ನೆ ಕೀಳು ಅಂತ ಕೆಲವರು ತಿಳ್ಕೊಂಡು ಪೂರ್ತಿ ಬಿಟ್ಟುಬಿಡ್ತಾರೆ, ಅದು ತಪ್ಪು, ಹೆಸರೇ ಗೊತ್ತಿಲ್ಲದವನಿಗೆ ಮುಂದಿನ ಪ್ರಶ್ನೆ ಅರ್ಥವೇ ಆಗುವುದಿಲ್ಲ.

ಅರ್ಥದ ಹಂತಕ್ಕೆ 2001ರ ಪುಸ್ತಕ ಏಳು ಬಗೆಯ ಕೆಲಸ ಹೇಳ್ತದೆ: ಬೇರೆ ರೂಪದಲ್ಲಿ ಹೇಳುವುದು, ಉದಾಹರಣೆ ಕೊಡುವುದು, ಗುಂಪು ಮಾಡುವುದು, ಸಾರ ಹೇಳುವುದು, ಊಹಿಸಿ ತೀರ್ಮಾನಕ್ಕೆ ಬರುವುದು, ಹೋಲಿಸುವುದು, ಕಾರಣ ಕಟ್ಟುವುದು. ಬಾಯಿಪಾಠ ಮಾಡ್ಬೇಕಾಗಿಲ್ಲ. ನನಗೆ ಇದರಲ್ಲಿ ತುಂಬ ಉಪಯೋಗಕ್ಕೆ ಬರುವುದು ಮೊದಲನೆಯದು. ನೀವು ಮಾತಲ್ಲಿ ಹೇಳಿದ್ದನ್ನು ಮಕ್ಕಳಿಗೆ ಬಾಣದ ಗುರುತು ಹಾಕಿ ಚಿತ್ರ ಮಾಡ್ಲಿಕ್ಕೆ ಹೇಳಿ, ಅಥವಾ ನೀವೇ ಹೆಸರಿಲ್ಲದ ಒಂದು ಚಿತ್ರ ಬೋರ್ಡಲ್ಲಿ ಹಾಕಿ, ಬಾಣ ನೆಲದಿಂದ ಕಡಲಿಗೆ ಇರಲಿ, "ಇದು ಹಗಲಿನ ಚಿತ್ರವೋ ರಾತ್ರಿಯದ್ದೋ, ಹೇಗೆ ಗೊತ್ತಾಯ್ತು?" ಅಂತ ಕೇಳಿ. ಆ "ಹೇಗೆ ಗೊತ್ತಾಯ್ತು" ಅನ್ನುವ ಬಾಲ ಇಲ್ಲದಿದ್ರೆ ಉತ್ತರ ಎರಡರಲ್ಲಿ ಒಂದು ಅಷ್ಟೇ, ಅರ್ಧ ಕ್ಲಾಸು ಸುಮ್ಮನೆ ಊಹಿಸಿದ್ರೂ ಸರಿ ಆಗ್ತದೆ.

ಅರ್ಥ ಮಾಡಿಕೊಳ್ಳುವುದಕ್ಕೂ ಅನ್ವಯಕ್ಕೂ ವ್ಯತ್ಯಾಸ ಎಲ್ಲಿ? ಪ್ರತಿ ಸಲ ಕನ್‌ಫ್ಯೂಸ್ ಆಗ್ತದೆ.

ಎಲ್ಲರಿಗೂ ಆಗ್ತದೆ, ಯಾಕಂದ್ರೆ ಗಡಿ ನಿಜವಾಗ್ಲೂ ತೆಳ್ಳಗೆ ಉಂಟು. ಮೊದಲಿನ ಪಟ್ಟಿಯ ಪ್ರಕಾರ ಕಲಿತ ತತ್ವವನ್ನು ಹೊಸ ಸಂದರ್ಭಕ್ಕೆ ಹಾಕಿ ನೋಡುವುದು ಅನ್ವಯ. 2001ರದ್ದರಲ್ಲಿ ಅನ್ವಯಿಸುವುದು ಅಂದ್ರೆ ಒಂದು ವಿಧಾನವನ್ನು ಬಳಸಿ ಕೆಲಸ ಮಾಡುವುದು, ಲೆಕ್ಕ ಮಾಡುವುದು, ನಿಯಮದ ಪ್ರಕಾರ ಹೆಜ್ಜೆ ಹೆಜ್ಜೆಯಾಗಿ ಹೋಗುವುದು.

ನಮ್ಮ ಪಾಠದಲ್ಲಿ ವಿಧಾನ ಯಾವುದು? ಗಾಳಿಗೆ ಹೆಸರಿಡುವ ನಿಯಮ. ಗಾಳಿ ಯಾವ ದಿಕ್ಕಿನಿಂದ ಬರ್ತದೋ ಆ ದಿಕ್ಕಿನ ಹೆಸರು. ಇದನ್ನು ಕಲಿಸಿದ ಮೇಲೆ ಕೇಳಿ: "ಮಧ್ಯಾಹ್ನ 3 ಗಂಟೆಗೆ ಪಣಂಬೂರು ಬೀಚಲ್ಲಿ ನಿಂತು ಗಾಳಿಪಟ ಹಾರಿಸ್ತಾ ಇದ್ದೀರಿ, ಪಟ ಸೀದಾ ಪೂರ್ವದ ಕಡೆ ಎಳೀತಾ ಉಂಟು. ಈ ಗಾಳಿಯ ಹೆಸರೇನು?" ಪಟ ಪೂರ್ವಕ್ಕೆ ಹೋಗ್ತಾ ಉಂಟು ಅಂದ್ರೆ ಗಾಳಿ ಪಶ್ಚಿಮದಿಂದ ಬರ್ತಾ ಉಂಟು, ಹಾಗಾಗಿ ಅದು ಪಶ್ಚಿಮ ಗಾಳಿ. ತುಂಬ ಮಕ್ಕಳು ಪೂರ್ವ ಗಾಳಿ ಅಂತ ಹೇಳ್ತಾರೆ. ಆ ತಪ್ಪು ಬಂದ್ರೆ ನಿಮಗೆ ಒಂದು ವಿಷಯ ಗೊತ್ತಾಯ್ತು, ನಿಯಮ ಬಾಯಿಗೆ ಬಂದಿದೆ, ಕೈಗೆ ಬಂದಿಲ್ಲ.

ಇನ್ನೊಂದು ಪ್ರಶ್ನೆ ಕೊಡ್ತೇನೆ, ಇದನ್ನು ನಮ್ಮ ಜಿಲ್ಲೆಯಲ್ಲಿ ಪಾಠ ಮಾಡುವ ಎಲ್ಲರೂ ಕೇಳ್ಬೇಕು ಅಂತ ನನ್ನ ಅಭಿಪ್ರಾಯ: "ಚೆನ್ನೈಯಲ್ಲಿ ಮಧ್ಯಾಹ್ನ ಕಡಲಗಾಳಿ ಯಾವ ದಿಕ್ಕಿನಿಂದ ಬೀಸ್ತದೆ?" ಮ್ಯಾಪ್ ಕೊಟ್ಟು ಕೇಳಿ. ನಮ್ಮ ಮಕ್ಕಳಿಗೆ ಕಡಲು ಅಂದ್ರೆ ಪಶ್ಚಿಮ, ಹುಟ್ಟಿದಾಗಿನಿಂದ ನೋಡಿದ್ದು ಅದೇ. "ಕಡಲಗಾಳಿ ಪಶ್ಚಿಮದಿಂದ ಬರ್ತದೆ" ಅಂತ ನೆನಪಿಟ್ಟವನು ಚೆನ್ನೈಗೂ ಪಶ್ಚಿಮ ಅಂತಾನೆ. ಕಡಲಿನಿಂದ ನೆಲಕ್ಕೆ ಅಂತ ಅರ್ಥ ಮಾಡಿಕೊಂಡವಳು ಮ್ಯಾಪ್ ನೋಡಿ, ಅಲ್ಲಿ ಕಡಲು ಪೂರ್ವಕ್ಕೆ ಉಂಟು, ಹಾಗಾದ್ರೆ ಪೂರ್ವದಿಂದ ಅಂತಾಳೆ. ಬೇರೆ ಪ್ರಶ್ನೆಗಳಲ್ಲಿ ಈ ಇಬ್ಬರೂ ಒಂದೇ ಮಾರ್ಕು ತಗೊಂಡಿರ್ತಾರೆ, ಇಲ್ಲಿ ಮಾತ್ರ ಬೇರೆಯಾಗ್ತಾರೆ. ಇದನ್ನು ಲೆಸನ್ ಪ್ಲಾನಲ್ಲಿ ಅರ್ಥ ಅಂತ ಬರೆಯುವುದೋ ಅನ್ವಯ ಅಂತ ಬರೆಯುವುದೋ ಅಂತ ಕೇಳಿದ್ರೆ, ಹಳೆ ಪಟ್ಟಿಯವರು ಅನ್ವಯ ಅಂತಾರೆ, ಹೊಸ ಪಟ್ಟಿ ಹಿಡಿದ್ರೆ ಅರ್ಥದೊಳಗಿನ ತೀರ್ಮಾನಕ್ಕೆ ಬರುವ ಕೆಲಸ. ಎರಡಕ್ಕೂ ಕಾರಣ ಕೊಡ್ಲಿಕ್ಕೆ ಆಗ್ತದೆ, ಕಾರಣ ಪಕ್ಕದಲ್ಲಿ ಬರೆದಿಡಿ.

ವಿಶ್ಲೇಷಣೆಯ ಪ್ರಶ್ನೆ ಮಾಡ್ಲಿಕ್ಕೇ ಬರುವುದಿಲ್ಲ. "ಕಡಲಗಾಳಿಯನ್ನು ವಿಶ್ಲೇಷಿಸಿ" ಅಂತ ಬರೆದ್ರೆ ಸಾಕಾ?

ಸಾಲದು. ವಿಶ್ಲೇಷಣೆ ಮಾಡ್ಬೇಕಾದ್ರೆ ಮಗುವಿನ ಎದುರು ಬಿಡಿಸಿ ನೋಡುವಂಥ ಒಂದು ವಸ್ತು ಇರ್ಬೇಕು. ಒಂದು ಪಟ್ಟಿ, ಒಂದು ಗ್ರಾಫ್, ಒಂದು ಪ್ಯಾರಾ, ಯಾರದ್ದೋ ಒಂದು ವಾದ. ಅದರಲ್ಲಿ ಬೇಕಾದ್ದು ಯಾವುದು ಬೇಡದ್ದು ಯಾವುದು, ಯಾವುದಕ್ಕೆ ಯಾವುದು ಸಂಬಂಧ ಅಂತ ಅವರು ಹುಡುಕ್ಬೇಕು. ವಸ್ತುವೇ ಕೊಡದೆ ವಿಶ್ಲೇಷಿಸಿ ಅಂದ್ರೆ ಅವರು ಪುಸ್ತಕದ ಪ್ಯಾರಾ ಬರೀತಾರೆ, ಬೇರೆ ಎಂತ ಮಾಡುವುದು ಪಾಪ.

ಕ್ಲಾಸಿಗೆ ಬೇಕಾಗಿ ನಾನೇ ಮಾಡಿದ ಒಂದು ಪಟ್ಟಿ ಕೊಡ್ತೇನೆ. ಅಂಕೆಗಳು ಅಳೆದದ್ದಲ್ಲ, ಪಾಠಕ್ಕೆ ಅಂತ ಇಟ್ಟದ್ದು. ಜನವರಿಯ ಒಂದು ಬಿಸಿಲಿನ ದಿನ, ಕಡಲ ಬದಿಯ ಒಂದು ಊರು, ನೆಲದ ಮೇಲಿನ ಗಾಳಿಯ ಉಷ್ಣತೆ ಮತ್ತು ಕಡಲ ನೀರಿನ ಉಷ್ಣತೆ ಡಿಗ್ರಿ ಸೆಲ್ಸಿಯಸ್‌ನಲ್ಲಿ:

ಬೆಳಿಗ್ಗೆ 6: ನೆಲ 22, ಕಡಲು 28, ನೀರು ಇಳಿತ
ಬೆಳಿಗ್ಗೆ 9: ನೆಲ 27, ಕಡಲು 28, ನೀರು ಏರ್ತಾ ಉಂಟು
ಮಧ್ಯಾಹ್ನ 12: ನೆಲ 32, ಕಡಲು 29, ನೀರು ಉಬ್ಬರ
ಮಧ್ಯಾಹ್ನ 3: ನೆಲ 33, ಕಡಲು 29, ನೀರು ಇಳೀತಾ ಉಂಟು
ಸಂಜೆ 6: ನೆಲ 29, ಕಡಲು 29, ನೀರು ಇಳಿತ
ರಾತ್ರಿ 9: ನೆಲ 25, ಕಡಲು 28, ನೀರು ಏರ್ತಾ ಉಂಟು

ಪ್ರಶ್ನೆ: "ಈ ದಿನ ಗಾಳಿಯ ದಿಕ್ಕು ಯಾವ ಯಾವ ಹೊತ್ತಿನ ನಡುವೆ ತಿರುಗಿರಬಹುದು? ಅದಕ್ಕೆ ಪಟ್ಟಿಯ ಯಾವ ಅಂಕೆ ಬೇಕಾಯ್ತು, ಯಾವುದು ಬೇಡ?" ಉತ್ತರ ಹೀಗೆ ಬರ್ಬೇಕು: 9 ಗಂಟೆಗೆ ನೆಲ ಇನ್ನೂ ಕಡಲಿಗಿಂತ ತಂಪು, 12ಕ್ಕೆ ಬಿಸಿ ಆಗಿದೆ, ಹಾಗಾಗಿ 9ರಿಂದ 12ರ ನಡುವೆ ಒಂದು ಸಲ ತಿರುಗಿದೆ. ಸಂಜೆ 6ಕ್ಕೆ ಎರಡೂ ಸಮ, 9ಕ್ಕೆ ನೆಲ ತಂಪು, ಹಾಗಾಗಿ 6ರ ಆಚೆ ಈಚೆ ಇನ್ನೊಂದು ಸಲ. ಉಬ್ಬರ ಇಳಿತದ ಕಾಲಮ್ ಬೇಡವೇ ಬೇಡ. ನಾನು ಅದನ್ನು ಬೇಕಂತಲೇ ಸೇರಿಸಿದ್ದು, ಯಾಕಂದ್ರೆ ಕಡಲ ಬದಿಯ ಮಕ್ಕಳಲ್ಲಿ ಕೆಲವರಿಗೆ ನೀರು ಏರುವಾಗ ಗಾಳಿ ಬರ್ತದೆ ಅಂತ ಒಂದು ನಂಬಿಕೆ ಇರ್ತದೆ, ಈ ಪಟ್ಟಿಯಲ್ಲೇ ರಾತ್ರಿ 9ಕ್ಕೆ ಮತ್ತು ಬೆಳಿಗ್ಗೆ 9ಕ್ಕೆ ನೀರು ಏರ್ತಾ ಇದ್ರೂ ಗಾಳಿ ನೆಲದಿಂದಲೇ ಹೋಗ್ಬೇಕು ಅಂತ ಅವರಾಗಿಯೇ ಕಂಡುಹಿಡೀತಾರೆ.

ಕ್ಲಾಸು ಹುಷಾರಿದ್ರೆ ಮುಂದಿನದನ್ನೂ ಕೊಡಿ. "ಜುಲೈಯ ಒಂದು ಮೋಡದ ದಿನ. ನೆಲ ಇಡೀ ದಿನ 26, ಕಡಲು 28. ಆದ್ರೆ ಗಾಳಿ ಹಗಲೂ ರಾತ್ರಿಯೂ ಕಡಲಿನ ಕಡೆಯಿಂದಲೇ ಬೀಸಿತು. ನಾವು ಕಲಿತದ್ದಕ್ಕೆ ಇದು ಹೊಂದ್ತದಾ?" ಹೊಂದುವುದಿಲ್ಲ. ನಮ್ಮ ನಿಯಮದ ಪ್ರಕಾರ ನೆಲ ತಂಪಿದ್ರೆ ಗಾಳಿ ಕಡಲಿಗೆ ಹೋಗ್ಬೇಕಿತ್ತು. ಹಾಗಾದ್ರೆ ಇಲ್ಲಿ ಬೇರೆ ದೊಡ್ಡ ಕಾರಣ ಒಂದು ಕೆಲಸ ಮಾಡ್ತಾ ಉಂಟು ಅಂತ ಮಗು ಹೇಳಿದ್ರೆ ಅದೇ ವಿಶ್ಲೇಷಣೆ, ಮುಂಗಾರು ಅಂತ ಹೆಸರು ಹೇಳದಿದ್ರೂ ಚಿಂತೆ ಇಲ್ಲ. ಮಳೆಗಾಲದಲ್ಲಿ ನೈಋತ್ಯ ಮುಂಗಾರಿನ ದೊಡ್ಡ ಗಾಳಿ ಈ ದಿನನಿತ್ಯದ ಸಣ್ಣ ತಿರುಗಾಟವನ್ನು ಮುಚ್ಚಿಬಿಡ್ತದೆ, ಮೇಲೆ ಮೋಡ ಇರುವುದರಿಂದ ನೆಲವೂ ಹೆಚ್ಚು ಬಿಸಿ ಆಗುವುದಿಲ್ಲ. ಇದನ್ನು ನೀವು ಉತ್ತರ ಬಂದ ಮೇಲೆ ಹೇಳಿ. ಮೊದಲೇ ಹೇಳಿಬಿಟ್ರೆ ಅದು ಕೂಡ ನೆನಪಿನ ಪ್ರಶ್ನೆ ಆಗಿಹೋಗ್ತದೆ.

"ನಿಮಗೆ ಕಡಲಗಾಳಿ ಇಷ್ಟವೇ? ಯಾಕೆ?" ಇದು ಮೌಲ್ಯಮಾಪನದ ಪ್ರಶ್ನೆ ಅಲ್ವಾ, ಅಭಿಪ್ರಾಯ ಕೇಳ್ತದಲ್ಲ?

ಇಷ್ಟ ಕಷ್ಟ ಕೇಳುವುದು ಮೌಲ್ಯಮಾಪನ ಆಗುವುದಿಲ್ಲ. ಮೌಲ್ಯಮಾಪನಕ್ಕೆ ಒಂದು ಮಾನದಂಡ ಬೇಕು, ಅದನ್ನು ಹಿಡಿದು ಒಂದು ಕೆಲಸ ಸರಿಯೋ, ಸಾಕೋ, ಒಂದು ಮಾತು ನಿಲ್ಲುತ್ತದೋ ಅಂತ ತೂಗ್ಬೇಕು. ವಿಜ್ಞಾನದ ಕ್ಲಾಸಲ್ಲಿ ಇದಕ್ಕೆ ಒಳ್ಳೆ ದಾರಿ ಅಂದ್ರೆ ತಪ್ಪು ಇರುವ ಪ್ರಯೋಗವನ್ನು ಮಕ್ಕಳ ಕೈಗೆ ಕೊಡುವುದು.

"ಒಬ್ಬ ಹುಡುಗ ಒಂದು ದೊಡ್ಡ ಬಕೆಟ್ ನೀರನ್ನು ತೆಂಗಿನಮರದ ನೆರಳಲ್ಲಿ ಇಟ್ಟ, ಒಂದು ಸಣ್ಣ ತಟ್ಟೆ ಮರಳನ್ನು ಬಿಸಿಲಲ್ಲಿ ಇಟ್ಟ. ಒಂದು ಗಂಟೆ ಬಿಟ್ಟು ಮುಟ್ಟಿ ನೋಡಿದ, ಮರಳು ಬಿಸಿ ಉಂಟು, ನೀರು ತಂಪುಂಟು. ಮರಳು ನೀರಿಗಿಂತ ಬೇಗ ಬಿಸಿ ಆಗ್ತದೆ ಅಂತ ಸಾಬೀತಾಯ್ತು ಅಂದ. ಇದನ್ನು ಒಪ್ಪಬಹುದಾ?"

ಇದರ ಚಂದ ಎಲ್ಲಿ ಅಂದ್ರೆ ಹುಡುಗನ ತೀರ್ಮಾನ ಸರಿ, ದಾರಿ ಸರಿ ಇಲ್ಲ. ತೀರ್ಮಾನ ನಿಜ ಅಂತ ಮಕ್ಕಳಿಗೆ ಪಾಠದಿಂದ ಗೊತ್ತುಂಟು, ಸಮಾನ ತೂಕದ ನೀರು ಮತ್ತು ಒಣ ಮರಳಲ್ಲಿ ಒಂದು ಡಿಗ್ರಿ ಏರಿಸ್ಲಿಕ್ಕೆ ನೀರಿಗೆ ಸುಮಾರು 5 ಪಟ್ಟು ಶಾಖ ಬೇಕು. ಹಾಗಾಗಿ ತುಂಬ ಮಕ್ಕಳು "ಒಪ್ಪಬಹುದು ಟೀಚರ್, ಮರಳು ಬೇಗ ಬಿಸಿ ಆಗ್ತದಲ್ಲ" ಅಂತಾರೆ. ಅದು ನೆನಪಿನಿಂದ ಬಂದ ಉತ್ತರ. ಮೌಲ್ಯಮಾಪನ ಮಾಡಿದ ಮಗು ಹೇಳುವುದು ಬೇರೆ: ಒಂದು ಬಿಸಿಲಲ್ಲಿ ಒಂದು ನೆರಳಲ್ಲಿ ಇದ್ರೆ ಹೇಗೆ ಹೋಲಿಸುವುದು, ಒಂದು ಬಕೆಟ್ ಮತ್ತೊಂದು ತಟ್ಟೆ, ಪ್ರಮಾಣ ಒಂದೇ ಇಲ್ಲ, ಮುಟ್ಟಿ ನೋಡಿದ್ರೆ ಸಾಲದು ಥರ್ಮಾಮೀಟರ್ ಬೇಕು, ಶುರುವಿಗೆ ಎರಡೂ ಎಷ್ಟು ಬಿಸಿ ಇತ್ತು ಅಂತ ಅಳೆದಿಲ್ಲ. ಇಲ್ಲಿ ಮಾನದಂಡ ಅಂದ್ರೆ ನ್ಯಾಯವಾದ ಹೋಲಿಕೆ, ಹೋಲಿಸುವ ಒಂದು ಅಂಶ ಬಿಟ್ಟು ಉಳಿದದ್ದೆಲ್ಲ ಒಂದೇ ಇರ್ಬೇಕು ಅನ್ನುವುದು. ಅದನ್ನು ಮೊದಲು ಯಾವುದಾದ್ರೂ ಪಾಠದಲ್ಲಿ ಕಲಿಸಿರ್ಬೇಕು, ಇಲ್ಲದಿದ್ರೆ ಮಕ್ಕಳ ಹತ್ರ ತೂಗ್ಲಿಕ್ಕೆ ತಕ್ಕಡಿಯೇ ಇರುವುದಿಲ್ಲ.

ಸಮಾಜ ವಿಜ್ಞಾನದವರು ಇದೇ ರೀತಿ ಮೀನುಗಾರಿಕೆ ನಿಷೇಧದ ಮೇಲೆ ಮಾಡಬಹುದು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲಿಗೆ ಹೋಗ್ಲಿಕ್ಕಿಲ್ಲ. "ಈ ನಿಷೇಧ ಸರಿಯೇ" ಅಂತ ಬಿಟ್ಟ ಬಾಯಿಗೆ ಕೇಳಿದ್ರೆ ಜಗಳ ಆಗ್ತದೆ ಅಷ್ಟೇ, ಮನೆಯಲ್ಲಿ ದೋಣಿ ಇರುವವನು ಒಂದು ಹೇಳ್ತಾನೆ ಇಲ್ಲದವನು ಇನ್ನೊಂದು. ಮೀನು ಮರಿ ಮಾಡುವ ಕಾಲಕ್ಕೆ ರಕ್ಷಣೆ ಸಿಗ್ತದಾ, ಕಡಲು ಅಬ್ಬರ ಇರುವ ಕಾಲದಲ್ಲಿ ಜೀವಕ್ಕೆ ಸುರಕ್ಷೆ ಉಂಟಾ, ಆ ಎರಡು ತಿಂಗಳು ದೋಣಿಯಲ್ಲಿ ದುಡಿಯುವವರ ಸಂಪಾದನೆ ಏನು, ಅಂತ ಮೂರು ಮಾನದಂಡ ಬೋರ್ಡಲ್ಲಿ ಬರೆದು, ಒಂದೊಂದಕ್ಕೂ ಬೇರೆ ಬೇರೆ ತೀರ್ಪು ಹೇಳಿಸಿ.

ಚಾರ್ಟ್ ಮಾಡಿಸಿದ್ರೆ, ಮಾಡೆಲ್ ಮಾಡಿಸಿದ್ರೆ ಸೃಷ್ಟಿಸುವ ಹಂತ ಆಯ್ತಲ್ಲ?

ಪುಸ್ತಕದ ಚಿತ್ರವನ್ನು ಥರ್ಮಾಕೋಲ್ ಮೇಲೆ ದೊಡ್ಡದು ಮಾಡಿದ್ರೆ ಅದು ನಕಲು. ಎಷ್ಟೇ ಬಣ್ಣ ಹಾಕಿದ್ರೂ ಹಂತ ಮೇಲೆ ಹೋಗುವುದಿಲ್ಲ. ಸೃಷ್ಟಿ ಅಂದ್ರೆ ಮಗು ಮೊದಲು ಇಲ್ಲದ ಒಂದು ಯೋಜನೆಯನ್ನು ತಾನೇ ಆಲೋಚಿಸಿ, ಪ್ಲಾನ್ ಮಾಡಿ, ಮಾಡಿ ತೋರಿಸುವುದು. ನಮ್ಮ ಪಾಠಕ್ಕೆ ಹೀಗೆ ಕೇಳಬಹುದು: "ನಿಮ್ಮ ಮನೆ ಹತ್ರ ಗಾಳಿ ದಿನದಲ್ಲಿ ಯಾವಾಗ ತಿರುಗ್ತದೆ ಅಂತ ಒಂದು ವಾರದಲ್ಲಿ ಕಂಡುಹಿಡೀಬೇಕು. ದುಡ್ಡು ಖರ್ಚು ಮಾಡ್ಲಿಕ್ಕಿಲ್ಲ. ಎಂತ ಇಟ್ಟು ನೋಡ್ತೀರಿ, ಎಲ್ಲಿ ಇಡ್ತೀರಿ, ಯಾವ ಯಾವ ಹೊತ್ತಿಗೆ ನೋಡ್ತೀರಿ, ಹೇಗೆ ಬರೆದಿಡ್ತೀರಿ?" ಒಬ್ಬಳು ಹಳೆ ಶಾಲಿನ ತುಂಡು ಕಂಬಕ್ಕೆ ಕಟ್ಟುವ ಅಂತಾಳೆ, ಇನ್ನೊಬ್ಬ ಪ್ಲಾಸ್ಟಿಕ್ ಕವರ್ ಅಂತಾನೆ, ಮನೆ ಸುತ್ತ ಅಡಿಕೆ ತೋಟ ಇರುವವನಿಗೆ ಅಲ್ಲಿ ಗಾಳಿಯೇ ಸರಿ ಬರುವುದಿಲ್ಲ, ಅವನು ಮಹಡಿ ಮೇಲೆ ಕಟ್ಟಬೇಕು ಅಂತ ಅವನಿಗೇ ಹೊಳೀಬೇಕು. ಘಟ್ಟದ ಬುಡದಲ್ಲಿ, ಕಾರ್ಕಳದ ಆಚೆ ಮನೆ ಇರುವವರಿಗೆ ಕಡಲಗಾಳಿ ಹೊತ್ತು ಮೀರಿ, ಕಮ್ಮಿಯಾಗಿ ತಲುಪಬಹುದು, ಅದೂ ಒಂದು ಒಳ್ಳೆ ಫಲಿತಾಂಶವೇ.

ಇದನ್ನು 40 ನಿಮಿಷದ ಪೀರಿಯಡ್ಡಲ್ಲಿ ಮುಗಿಸ್ಲಿಕ್ಕೆ ಹೋಗ್ಬೇಡಿ. ಪ್ಲಾನ್ ಮಾತ್ರ ಕ್ಲಾಸಲ್ಲಿ, ಉಳಿದದ್ದು ಮನೆಗೆ.

ಮೇಲಿನ ಹಂತ ಅಂದ್ರೆ ಕಷ್ಟದ ಪ್ರಶ್ನೆ ಅಂತ ಅರ್ಥವಾ?

ಅಲ್ಲ. ಕರ್ನಾಟಕದ 31 ಜಿಲ್ಲೆಗಳ ಹೆಸರು ಬರೀರಿ ಅಂದ್ರೆ ನೆನಪಿನ ಪ್ರಶ್ನೆ, ದೊಡ್ಡವರೂ ಮೂರ್ನಾಲ್ಕು ಬಿಡ್ತಾರೆ. ಮೇಲಿನ ಹುಡುಗನ ಬಕೆಟ್ ತಟ್ಟೆ ಪ್ರಶ್ನೆಯನ್ನು 4ನೇ ಕ್ಲಾಸಿನವರೂ ಹಿಡೀತಾರೆ, "ಅವನು ನೀರನ್ನು ನೆರಳಲ್ಲಿ ಇಟ್ಟದ್ದು ಮೋಸ" ಅಂತ. ಹಂತ ಅಂದ್ರೆ ಕೆಲಸದ ಬಗೆ, ಕಷ್ಟ ಅಂದ್ರೆ ಆ ಕೆಲಸದ ಭಾರ. ಇದನ್ನು ಬೇರೆ ಮಾಡದಿದ್ರೆ ಒಂದು ಹಾನಿ ಆಗ್ತದೆ, ವಿಶ್ಲೇಷಣೆ ಪ್ರಶ್ನೆ ಹುಷಾರು ಮಕ್ಕಳಿಗೆ ಮಾತ್ರ, ಹಿಂದಿನ ಬೆಂಚಿಗೆ ಬರೀ "ಹೆಸರಿಸಿ" ಅಂತ ಹಂಚಿಹೋಗ್ತದೆ. ದಯವಿಟ್ಟು ಹಾಗೆ ಮಾಡ್ಬೇಡಿ. ಎಲ್ಲಾ ಮಕ್ಕಳಿಗೂ ಎಲ್ಲಾ ಬಗೆಯ ಪ್ರಶ್ನೆ ಕೊಡಿ, ಭಾರ ಮಾತ್ರ ಕಮ್ಮಿ ಜಾಸ್ತಿ ಮಾಡಿ, ಪಟ್ಟಿಯಲ್ಲಿ ಆರು ಹೊತ್ತಿನ ಬದಲು ಮೂರು ಹೊತ್ತು ಕೊಟ್ರೆ ಆಯ್ತು.

ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿಸಿ ಒಂದು ಪೀರಿಯಡ್ಡಲ್ಲಿ ಆರೂ ಮುಗಿಸ್ಬೇಕಾ?

ಬೇಡ. ಆರನ್ನೂ ತುರುಕಿದ್ರೆ ಒಂದಕ್ಕೂ ಸಮಯ ಸಿಗುವುದಿಲ್ಲ. ಒಂದು ಪೀರಿಯಡ್ಡಿಗೆ ಎರಡು ಅಥವಾ ಮೂರು ಮುಖ್ಯ ಪ್ರಶ್ನೆ ಪೂರ್ತಿ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ, ಉಳಿದ ಸಣ್ಣ ಪ್ರಶ್ನೆಗಳು ಮಾತಿನ ನಡುವೆ ತನ್ನಿಂತಾನೆ ಬರ್ತವೆ. ಕ್ರಮವೂ ಕಡ್ಡಾಯ ಇಲ್ಲ. "ಚೆನ್ನೈಯಲ್ಲಿ ಯಾವ ದಿಕ್ಕಿನಿಂದ" ಅನ್ನುವುದನ್ನು ಮೊದಲೇ ಕೇಳಿ, ಉತ್ತರ ಹೇಳದೆ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು, ಪಾಠ ಮುಗಿದ ಮೇಲೆ ಮತ್ತೆ ಅಲ್ಲಿಗೆ ಬನ್ನಿ, ಎಷ್ಟು ಮಕ್ಕಳು ಅಭಿಪ್ರಾಯ ಬದಲಿಸಿದ್ರು ಅಂತ ಕಣ್ಣೆದುರೇ ಕಾಣ್ತದೆ.

ಮೇಲಿನ ಹಂತದ ಪ್ರಶ್ನೆ ಕೇಳಿದ್ರೆ ಕ್ಲಾಸು ಗಪ್‌ಚುಪ್. ಕೊನೆಗೆ ನಾನೇ ಉತ್ತರ ಹೇಳ್ಬೇಕಾಗ್ತದೆ.

ಎಷ್ಟು ಹೊತ್ತು ಕಾದ್ರಿ ಅಂತ ಮೊದಲು ನೋಡಿ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ ಕ್ಲಾಸುಗಳ ರೆಕಾರ್ಡಿಂಗ್ ಕೇಳಿ ಕಂಡುಕೊಂಡದ್ದು, ಟೀಚರ್‌ಗಳು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಮಾತ್ರ ಕಾಯ್ತಾರೆ, ಅದನ್ನು 3 ಸೆಕೆಂಡ್‌ಗೆ ಏರಿಸಿದ್ರೆ ಉತ್ತರ ಉದ್ದ ಆಗ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡ್ತಾರೆ. ಹೆಸರು ಹೇಳುವ ಪ್ರಶ್ನೆಗೆ 1 ಸೆಕೆಂಡ್ ಸಾಕು, ಪಟ್ಟಿ ನೋಡಿ ಹೇಳುವ ಪ್ರಶ್ನೆಗೆ ಒಂದು ನಿಮಿಷ ಬರೀಲಿಕ್ಕೇ ಕೊಡಿ, ಆಮೇಲೆ ಪಕ್ಕದವನ ಹತ್ರ ಮಾತಾಡ್ಲಿಕ್ಕೆ ಬಿಡಿ, ಆಮೇಲೆ ಕೇಳಿ.

ಇನ್ನೊಂದು ನಮ್ಮ ಊರಿನ ವಿಷಯ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪ್ರ ಕನ್ನಡ ಮಾತಾಡುವ ಮಗುವಿಗೆ ತಲೆಯಲ್ಲಿ ಕಾರಣ ಸಿಕ್ಕಿರ್ತದೆ, "ಉಷ್ಣತೆಯ ವ್ಯತ್ಯಾಸದಿಂದಾಗಿ" ಅಂತ ಪುಸ್ತಕದ ಕನ್ನಡದಲ್ಲಿ ಹೇಳ್ಲಿಕ್ಕೆ ಬರುವುದಿಲ್ಲ, ಅದಕ್ಕೆ ಸುಮ್ಮನಿರ್ತದೆ. ಮೊದಲ ಉತ್ತರ ಯಾವ ಭಾಷೆಯಲ್ಲಾದ್ರೂ ಬರಲಿ. ಯೋಚನೆ ಸರಿ ಉಂಟು ಅಂತ ಖಾತ್ರಿ ಆದ ಮೇಲೆ, "ಇದನ್ನೇ ಪರೀಕ್ಷೆಯಲ್ಲಿ ಹೇಗೆ ಬರೆಯುವ?" ಅಂತ ಎಲ್ಲರೂ ಸೇರಿ ಆ ವಾಕ್ಯ ಕಟ್ಟಿ. ಎರಡು ಕೆಲಸವನ್ನೂ ಒಟ್ಟಿಗೆ ಕೇಳಿದ್ರೆ ನೀವು ಅಳೆಯುವುದು ಭಾಷೆಯನ್ನು, ಆದ್ರೆ ರಿಜಿಸ್ಟರಲ್ಲಿ ಬರೆಯುವುದು ವಿಶ್ಲೇಷಣೆ ಬರುವುದಿಲ್ಲ ಅಂತ.

ಯೂನಿಟ್ ಟೆಸ್ಟ್‌ನ ನೀಲನಕ್ಷೆ ಮಾಡುವಾಗ ಎಂತ ಗಮನಿಸ್ಬೇಕು?

ಕ್ಲಾಸಲ್ಲಿ ಚರ್ಚೆ ಮಾಡಿದ ಪಟ್ಟಿಯನ್ನೇ ಟೆಸ್ಟಿಗೆ ಹಾಕಿ ನೀಲನಕ್ಷೆಯಲ್ಲಿ ವಿಶ್ಲೇಷಣೆ ಅಂತ ಬರೆಯುವವರು ತುಂಬ ಜನ. ಆ ಹೊತ್ತಿಗೆ ಅದು ನೆನಪಾಗಿ ಆಗಿದೆ. ಅಂಕೆ ಬದಲಿಸಿ, ಹೊತ್ತು ಬದಲಿಸಿ, ಉಬ್ಬರ ಇಳಿತದ ಬದಲು ಬೇರೆ ಬೇಡದ ಕಾಲಮ್ ಇಡಿ. ಮಾರ್ಕು ಕೊಡುವಾಗಲೂ 3 ಮಾರ್ಕಿನ ಪ್ರಶ್ನೆಗೆ ಉತ್ತರಕ್ಕೆ 1, ಯಾವ ಅಂಕೆ ನೋಡಿ ಹೇಳಿದ ಅನ್ನುವುದಕ್ಕೆ 2 ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಪಾಠ ನೋಡ್ಲಿಕ್ಕೆ ಬಂದ ಲೆಕ್ಚರರ್ ನನ್ನ ಪ್ರಶ್ನೆಯ ಹಂತ ತಪ್ಪು ಅಂದ್ರು, ನನಗೆ ಸರಿ ಅನ್ನಿಸ್ತದೆ. ಎಂತ ಮಾಡುವುದು?

ಲೆಸನ್ ಪ್ಲಾನಲ್ಲಿ ಪ್ರಶ್ನೆಯ ಎದುರು ಹಂತದ ಹೆಸರು ಮಾತ್ರ ಬರೆಯುವ ಬದಲು ಎರಡು ಸಾಲು ಸೇರಿಸಿ: ಇದಕ್ಕೆ ಮೊದಲು ಮಕ್ಕಳಿಗೆ ಎಂತ ಹೇಳಿದ್ದೇನೆ, ಎಂತ ಹೇಳಿಲ್ಲ. ಜುಲೈ ಪ್ರಶ್ನೆಯ ಎದುರು "ಕಡಲಗಾಳಿಯ ಕಾರಣ ಕಲಿಸಿದೆ, ಮುಂಗಾರು ಗಾಳಿಯ ಪಾಠ ಇನ್ನೂ ಆಗಿಲ್ಲ" ಅಂತ ಇದ್ರೆ, ನೋಡುವವರಿಗೆ ಅದು ಯಾಕೆ ವಿಶ್ಲೇಷಣೆ ಅಂತ ಕಾಣ್ತದೆ. ಮುಂಗಾರು ಪಾಠ ಮೊನ್ನೆಯೇ ಆಗಿದೆ ಅಂತ ಆ ಶಾಲೆಯ ಕ್ಲಾಸ್ ಟೀಚರ್ ಹೇಳಿದ್ರೆ ಲೆಕ್ಚರರ್ ಹೇಳಿದ್ದೇ ಸರಿ, ಹಂತದ ಹೆಸರು ಬದಲಿಸಿ. ಅದಕ್ಕೇ ಪ್ರಾಕ್ಟೀಸ್ ಟೀಚಿಂಗಿಗೆ ಹೋದ ಮೊದಲ ದಿನವೇ ಕ್ಲಾಸ್ ಟೀಚರ್ ಹತ್ರ ಯಾವ ಪಾಠದವರೆಗೆ ಆಗಿದೆ ಅಂತ ಕೇಳಿ, ನಾಲ್ಕು ಮಕ್ಕಳ ನೋಟ್ಸ್ ತಗೊಂಡು ಓದಿ, ಆಮೇಲೆ ಪ್ರಶ್ನೆ ಬರೀಲಿಕ್ಕೆ ಕೂತುಕೊಳ್ಳಿ.